ಹನ್ನೆರಡು ಪ್ರಶ್ನೆಗಳ ಫಾರ್ಮ್ ಮತ್ತು ಒಂದು ಸಾಲಿನ ಉತ್ತರ: ಕೆಲಸ ಮುಗಿದ ಮೇಲೆ ಗ್ರಾಹಕರ ಅಭಿಪ್ರಾಯ ಕೇಳಿದ ಒಂದು ಪ್ರಕರಣ

ನಾವು ಮೂವರ ಸಣ್ಣ ತಂಡ. ಸಂಸ್ಥೆಗಳ ಹಳೆಯ ವೆಬ್‌ಸೈಟ್‌ಗಳನ್ನು ಹೊಸದಾಗಿ ಕಟ್ಟಿಕೊಡುವುದು ನಮ್ಮ ಕೆಲಸ. ಇಲ್ಲಿ ವಿವರಿಸುತ್ತಿರುವ ಯೋಜನೆಯಲ್ಲಿ ಒಂದು ತರಬೇತಿ ಸಂಸ್ಥೆಯ 62 ಪುಟಗಳನ್ನು ಹೊಸ ವಿನ್ಯಾಸಕ್ಕೆ ವರ್ಗಾಯಿಸಿ, ಅವರ ಸಿಬ್ಬಂದಿಗೆ ಎರಡು ದಿನ ತರಬೇತಿ ಕೊಟ್ಟು, ಹದಿನಾಲ್ಕು ವಾರಗಳ ಕೊನೆಗೆ ಒಂದು ಶುಕ್ರವಾರ ವೆಬ್‌ಸೈಟನ್ನು ಚಾಲನೆಗೆ ತಂದೆವು. ಆ ಸಂಸ್ಥೆಯಲ್ಲಿ ನಮಗೆ ಇಬ್ಬರ ಸಂಪರ್ಕವಿತ್ತು. ಪ್ರತಿದಿನದ ವ್ಯವಹಾರವನ್ನೆಲ್ಲ ಸಂವಹನ ವಿಭಾಗದ ಮುಖ್ಯಸ್ಥೆ ನೋಡಿಕೊಳ್ಳುತ್ತಿದ್ದರು, ಅಂತಿಮ ಒಪ್ಪಿಗೆಯನ್ನು ನಿರ್ದೇಶಕರು ಕೊಡುತ್ತಿದ್ದರು. ಕೆಲಸ ಒಟ್ಟಾರೆ ಚೆನ್ನಾಗಿ ನಡೆದಿತ್ತು. ಒಂಬತ್ತನೆಯ ವಾರದಲ್ಲಿ ಪುಟಗಳ ಒಪ್ಪಿಗೆಗಾಗಿ ನಾಲ್ಕು ದಿನ ಕಾಯಬೇಕಾಗಿ ಬಂದದ್ದನ್ನು ಬಿಟ್ಟರೆ ವೇಳಾಪಟ್ಟಿ ಎಲ್ಲಿಯೂ ತಪ್ಪಿರಲಿಲ್ಲ. ಆ ನಾಲ್ಕು ದಿನಗಳನ್ನು ನಮ್ಮ ಯೋಜನಾ ಪುಸ್ತಕದಲ್ಲಿ ‘ಗ್ರಾಹಕರಿಂದ ವಿಳಂಬ’ ಎಂದು ಬರೆದುಕೊಂಡಿದ್ದೆವು.

ವೆಬ್‌ಸೈಟ್ ಚಾಲನೆಗೆ ಬಂದ ದಿನವೇ ನಾನು ಅಭಿಪ್ರಾಯ ಕೇಳುವ ಮೇಲ್ ಕಳುಹಿಸಿದೆ. ಅದೇ ದಿನ ಅಂತಿಮ ಬಿಲ್ಲನ್ನೂ ಕಳುಹಿಸಿದ್ದೆ. ಮೇಲ್‌ನಲ್ಲಿ ನಾಲ್ಕು ಪರಿಚ್ಛೇದಗಳಿದ್ದವು. ಒಂದರಲ್ಲಿ ಧನ್ಯವಾದ, ಇನ್ನೊಂದರಲ್ಲಿ ಯೋಜನೆಯ ನೆನಪುಗಳು, ಮೂರನೆಯದರಲ್ಲಿ ಅಭಿಪ್ರಾಯ ನಮಗೆ ಏಕೆ ಬೇಕು ಎಂಬ ವಿವರಣೆ, ಕೊನೆಯದರಲ್ಲಿ ಹನ್ನೆರಡು ಪ್ರಶ್ನೆಗಳ ಒಂದು ಫಾರ್ಮ್‌ನ ಕೊಂಡಿ. ಆ ಫಾರ್ಮ್ ತಯಾರಿಸಲು ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಕೇಳುವವರು ಪಟ್ಟ ಶ್ರಮ ಹೆಚ್ಚಾದಷ್ಟೂ ಉತ್ತರಿಸುವವರ ಶ್ರಮ ಕಡಿಮೆಯಾಗುತ್ತದೆ ಎಂದು ನಂಬಿದ್ದೆ. ನನ್ನ ಶ್ರಮವೆಲ್ಲ ಪ್ರಶ್ನೆಗಳನ್ನು ಸೇರಿಸುವುದರಲ್ಲಿ ಹೋಗಿತ್ತು, ತೆಗೆಯುವುದರಲ್ಲಿ ಅಲ್ಲ.

ಹತ್ತು ದಿನ ಉತ್ತರ ಬರಲಿಲ್ಲ. ಸೋಮವಾರ ಒಂದು ನೆನಪೋಲೆ ಕಳುಹಿಸಿದೆ. ಅದಕ್ಕೆ ಅಂದೇ ಸಂಜೆ ಮುಖ್ಯಸ್ಥೆಯವರಿಂದ ‘ಖಂಡಿತ, ಈ ವಾರ ತುಂಬಿ ಕಳುಹಿಸುತ್ತೇನೆ’ ಎಂಬ ಸೌಜನ್ಯದ ಉತ್ತರ ಬಂತು. ವಾರ ಕಳೆದರೂ ಫಾರ್ಮ್ ಬರಲಿಲ್ಲ. ಇಂಥ ಉತ್ತರವನ್ನು ನಾನೀಗ ಒಂದು ಲಕ್ಷಣವೆಂದು ಓದುತ್ತೇನೆ. ನಮ್ಮ ಬಗ್ಗೆ ಬೇಸರ ಇದ್ದವರು ಹೀಗೆ ಬರೆಯುವುದಿಲ್ಲ, ಬಹುಮಟ್ಟಿಗೆ ಸುಮ್ಮನಿದ್ದುಬಿಡುತ್ತಾರೆ. ‘ಮಾಡುತ್ತೇನೆ’ ಎಂದು ಹೇಳಿ ಮಾಡಲಾಗದೆ ಇರುವವರಿಗೆ ಮನಸ್ಸಿದೆ, ಆದರೆ ನಾವು ಕೇಳಿದ ರೀತಿಯೇ ಅವರಿಗೆ ಇನ್ನೊಂದು ಬಾಕಿ ಕೆಲಸವಾಗಿ ಕೂತಿದೆ. ಅಲ್ಲಿ ಎರಡನೆಯ ನೆನಪೋಲೆ ಕಳುಹಿಸಿದರೆ ಬಾಕಿಯ ಭಾರ ಹೆಚ್ಚುತ್ತದೆಯೇ ಹೊರತು ಉತ್ತರ ಹತ್ತಿರವಾಗುವುದಿಲ್ಲ.

ಕಾರಣ ಗೊತ್ತಾದದ್ದು ಆಕಸ್ಮಿಕವಾಗಿ. ಹದಿನೇಳನೆಯ ದಿನ ಮುಖ್ಯಸ್ಥೆಯವರು ಒಂದು ಪಾಸ್‌ವರ್ಡ್ ವಿಚಾರವಾಗಿ ಫೋನ್ ಮಾಡಿದರು. ಆ ಕೆಲಸ ಮುಗಿದ ಮೇಲೆ ಅವರೇ ಫಾರ್ಮ್‌ನ ಮಾತು ತೆಗೆದರು.

‘ಎರಡು ಸಲ ತೆರೆದೆ ಸರ್. ಏಳನೆಯ ಪ್ರಶ್ನೆಗೆ ಬಂದಾಗ ನಿರ್ದೇಶಕರನ್ನು ಕೇಳಬೇಕು ಅನ್ನಿಸಿತು. ಅವರು ಊರಲ್ಲಿರಲಿಲ್ಲ. ಹಾಗೇ ಮುಚ್ಚಿಟ್ಟೆ.’

ನಾನು ಫಾರ್ಮ್ ತೆರೆದು ಏಳನೆಯ ಪ್ರಶ್ನೆಯನ್ನು ನೋಡಿದೆ. ‘ಈ ಯೋಜನೆಯಿಂದ ನಿಮ್ಮ ಸಂಸ್ಥೆಗೆ ಆಗಿರುವ ಪ್ರಯೋಜನವನ್ನು ಹೇಗೆ ಅಳೆಯುತ್ತೀರಿ?’ ಎಂದಿತ್ತು. ಚಾಲನೆಗೆ ಬಂದ ದಿನವೇ ಒಂದು ವೆಬ್‌ಸೈಟಿನ ಪ್ರಯೋಜನವನ್ನು ಯಾರಿಂದಲೂ ಅಳೆಯಲಾಗದು. ಅಳೆಯಲಾದರೂ ಸಂಸ್ಥೆಯ ಪರವಾಗಿ ಅದನ್ನು ಬರೆದುಕೊಡುವ ಅಧಿಕಾರ ಅವರಿಗಿರಲಿಲ್ಲ. ಆ ಪ್ರಶ್ನೆ ಕಡ್ಡಾಯವಾಗಿದ್ದುದರಿಂದ ಅದನ್ನು ದಾಟಿ ಮುಂದೆ ಹೋಗುವಂತೆಯೂ ಇರಲಿಲ್ಲ. ಆರು ಪ್ರಶ್ನೆಗಳಿಗೆ ಅವರು ಮನಸ್ಸಿಟ್ಟು ಕೊಟ್ಟ ಉತ್ತರಗಳು ಏಳನೆಯದರ ಬಾಗಿಲಲ್ಲಿ ನಿಂತು, ನಮಗೆ ತಲುಪದೆಯೇ ಅಳಿಸಿಹೋಗಿದ್ದವು.

ಆ ರಾತ್ರಿ ಫಾರ್ಮನ್ನು ಉತ್ತರಿಸುವವರ ಜಾಗದಲ್ಲಿ ಕುಳಿತು, ಫೋನ್‌ನಲ್ಲಿ ತೆರೆದು, ಮೊದಲಿಂದ ಕೊನೆಯವರೆಗೆ ತುಂಬಿದೆ. ಆಗ ಕಣ್ಣಿಗೆ ಬಿದ್ದ ತಪ್ಪುಗಳಲ್ಲಿ ಮೂರು ಮುಖ್ಯವಾದವು.

ಮೂರನೆಯ ಪ್ರಶ್ನೆ ಹೀಗಿತ್ತು: ‘ನಮ್ಮ ಸಂವಹನ ಮತ್ತು ಸಮಯಪಾಲನೆ ನಿಮಗೆ ಎಷ್ಟು ತೃಪ್ತಿಕರವಾಗಿತ್ತು?’ ಇದು ಎರಡು ಪ್ರಶ್ನೆಗಳನ್ನು ಒಂದೇ ವಾಕ್ಯದಲ್ಲಿ ಕಟ್ಟಿದ ಪ್ರಶ್ನೆ. ಸಮಯಕ್ಕೆ ಸರಿಯಾಗಿ ಕೆಲಸ ಒಪ್ಪಿಸಿ, ಆದರೆ ಮೇಲ್‌ಗಳಿಗೆ ತಡವಾಗಿ ಉತ್ತರಿಸುವ ತಂಡಕ್ಕೆ ಗ್ರಾಹಕರು ಐದರಲ್ಲಿ ಎಷ್ಟು ಅಂಕ ಕೊಡಬೇಕು? ಮೂರು ಎಂದು ಗುರುತು ಹಾಕುತ್ತಾರೆ, ನಮಗೆ ಆ ಮೂರರಿಂದ ಏನೂ ತಿಳಿಯುವುದಿಲ್ಲ.

ಹತ್ತನೆಯ ಪ್ರಶ್ನೆ ನಮ್ಮನ್ನು ಬೇರೆಯವರಿಗೆ ಶಿಫಾರಸು ಮಾಡುವ ಸಾಧ್ಯತೆಯನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ಕೇಳುತ್ತಿತ್ತು. 2003ರಲ್ಲಿ ಫ್ರೆಡ್ ರೈಕ್‌ಹೆಲ್ಡ್ ಮುಂದಿಟ್ಟ ಈ ಅಳತೆಯ ಲೆಕ್ಕ ಸರಳವಾದದ್ದು. ಒಂಬತ್ತು ಅಥವಾ ಹತ್ತು ಕೊಟ್ಟವರ ಶೇಕಡಾವಾರು ಪ್ರಮಾಣದಿಂದ ಸೊನ್ನೆಯಿಂದ ಆರರವರೆಗೆ ಕೊಟ್ಟವರ ಶೇಕಡಾವಾರು ಪ್ರಮಾಣವನ್ನು ಕಳೆಯಬೇಕು. ಸಾವಿರಾರು ಗ್ರಾಹಕರಿರುವ ಕಡೆ ಆ ಸಂಖ್ಯೆಗೆ ಅರ್ಥವಿರಬಹುದು. ಒಬ್ಬರೇ ಗ್ರಾಹಕರು ಕೊಟ್ಟ ಎಂಟು ಅಂಕದಲ್ಲಿ ಶೇಕಡಾ ಲೆಕ್ಕವೇ ಹುಟ್ಟುವುದಿಲ್ಲ. ಎಂಟಾದದ್ದು ಏಕೆ, ಒಂಬತ್ತಾಗದಿದ್ದುದು ಏಕೆ ಎಂಬ ಮಾತೇ ನಮಗೆ ಬೇಕಾದದ್ದು, ಅದನ್ನೇ ನಾವು ಕೇಳಿರಲಿಲ್ಲ.

ಎಲ್ಲಕ್ಕಿಂತ ಹಾನಿ ಮಾಡಿದ್ದು ಹನ್ನೆರಡನೆಯ ಪ್ರಶ್ನೆ ಎಂದು ನನಗನ್ನಿಸುತ್ತದೆ. ‘ನಿಮ್ಮ ಮಾತುಗಳನ್ನು ನಮ್ಮ ವೆಬ್‌ಸೈಟಿನಲ್ಲಿ ಪ್ರಕಟಿಸಬಹುದೇ?’ ಎಂದು ಅಲ್ಲಿ ಕೇಳಿದ್ದೆ. ಫಾರ್ಮನ್ನು ಒಮ್ಮೆ ಕೆಳಗಿನವರೆಗೆ ಸರಿಸಿ ನೋಡಿ ಆಮೇಲೆ ತುಂಬಲು ತೊಡಗುವವರು ಬಹಳ. ಹಾಗೆ ನೋಡಿದವರಿಗೆ ತಾವು ಬರೆಯುವ ಪ್ರತಿಯೊಂದು ಮಾತೂ ನಾಲ್ಕು ಜನರ ಕಣ್ಣಿಗೆ ಬೀಳಬಹುದೆಂಬ ಎಚ್ಚರ ಮೊದಲೇ ಹತ್ತಿಕೊಳ್ಳುತ್ತದೆ. ತಪ್ಪು ತಿಳಿಯಬೇಕೆಂಬ ಆಸೆ, ಹೊಗಳಿಕೆ ಪ್ರಕಟಿಸಬೇಕೆಂಬ ಆಸೆ, ಮುಂದಿನ ಕೆಲಸ ಸಿಗಬೇಕೆಂಬ ಆಸೆ, ಈ ಮೂರನ್ನೂ ನಾನು ಒಂದೇ ಚೀಲಕ್ಕೆ ತುಂಬಿದ್ದೆ. ಪ್ರಕಟಣೆಗೆಂದು ಬರೆಯುವವರು ತಪ್ಪುಗಳನ್ನು ಬರೆಯುವುದಿಲ್ಲ. ತಪ್ಪು ಹೇಳಬೇಕೆಂದಿದ್ದವರು ಪ್ರಕಟಣೆಯ ಮಾತು ಕಂಡ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತಾರೆ.

ಕೇಳಿದ ದಿನವೂ ತಪ್ಪಾಗಿತ್ತು. ಬಿಲ್ಲು ಮತ್ತು ಅಭಿಪ್ರಾಯದ ಕೋರಿಕೆ ಒಂದೇ ದಿನ ಬಂದರೆ ಬಿಲ್ಲಿನದೇ ಮೇಲುಗೈ, ಏಕೆಂದರೆ ಅದಕ್ಕೆ ಗಡುವಿದೆ, ಲೆಕ್ಕಪತ್ರ ವಿಭಾಗವಿದೆ, ಸಹಿ ಬೇಕಿದೆ. ಇನ್ನೊಂದು ಸೂಕ್ಷ್ಮವಾದ ತೊಡಕೂ ಇದೆ. ಡೊನಾಲ್ಡ್ ರೆಡೆಲ್ಮಯರ್ ಮತ್ತು ಡೇನಿಯಲ್ ಕಾನಮನ್ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನೋವಿನ ವೈದ್ಯಕೀಯ ಪರೀಕ್ಷೆಗೆ ಒಳಗಾದವರು ಆ ನೋವನ್ನು ನೆನಪಿಸಿಕೊಂಡು ಅಂದಾಜಿಸುವಾಗ ಪರೀಕ್ಷೆ ಎಷ್ಟು ಹೊತ್ತು ನಡೆಯಿತು ಎಂಬುದಕ್ಕಿಂತ, ಅತಿ ತೀವ್ರವಾದ ಕ್ಷಣ ಮತ್ತು ಕೊನೆಯ ಕ್ಷಣಗಳನ್ನು ಅವಲಂಬಿಸಿದ್ದು ಕಂಡುಬಂದಿತು. ಯೋಜನೆಯೊಂದಕ್ಕೆ ಇದನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲವಾದರೂ, ಚಾಲನೆಯ ದಿನದ ಸಂಭ್ರಮದಲ್ಲಿ ಕೇಳಿದ ಪ್ರಶ್ನೆಗೆ ಬರುವ ಉತ್ತರ ಬಹುಪಾಲು ಆ ದಿನದ್ದೇ ಆಗಿರುತ್ತದೆ ಎಂಬುದನ್ನು ನಾನು ನನ್ನ ಕೆಲಸದಲ್ಲಿ ಕಂಡಿದ್ದೇನೆ. ಎರಡು ಮೂರು ವಾರ ಬಿಟ್ಟರೆ ಗ್ರಾಹಕರು ನಾವು ಕೊಟ್ಟದ್ದನ್ನು ನಮ್ಮ ಸಹಾಯವಿಲ್ಲದೆ ಬಳಸಿ ನೋಡಿರುತ್ತಾರೆ, ಹೇಳುವುದಕ್ಕೆ ಅವರ ಬಳಿ ಒಂದು ಸಂಗತಿ ಇರುತ್ತದೆ. ಎರಡು ಮೂರು ತಿಂಗಳು ಬಿಟ್ಟರೆ ನಡುವಿನ ವಾರಗಳ ವಿವರಗಳೆಲ್ಲ ಮಾಸಿ ‘ಎಲ್ಲ ಚೆನ್ನಾಗಿತ್ತು’ ಎಂಬ ಒಂದು ಮಾತು ಉಳಿದಿರುತ್ತದೆ.

ಹೊಸ ಸಂದೇಶ ಬರೆಯಲು ಕುಳಿತಾಗ ನಾನು ಒಂದೇ ಪ್ರಶ್ನೆ ಕೇಳಬೇಕು ಎಂದು ನಿರ್ಧರಿಸಿದೆ. ಯಾವ ಪ್ರಶ್ನೆ ಎಂಬುದಕ್ಕೆ ಹೆಚ್ಚು ಸಮಯ ಹಿಡಿಯಿತು. ಮೊದಲು ಬರೆದದ್ದು ‘ನಮ್ಮ ಕೆಲಸ ನಿಮಗೆ ತೃಪ್ತಿ ತಂದಿತೇ?’ ಎಂದು. ಇದಕ್ಕೆ ‘ಹೌದು’ ಎನ್ನುವುದನ್ನು ಬಿಟ್ಟು ಬೇರೆ ಮರ್ಯಾದಸ್ಥ ಉತ್ತರವಿಲ್ಲ. ಎರಡನೆಯದು ‘ನಾವು ಏನನ್ನು ಸುಧಾರಿಸಿಕೊಳ್ಳಬೇಕು?’ ಎಂದು. ಇದು ಕೇಳಲು ವಿನಯವಾಗಿದ್ದರೂ, ಉತ್ತರಿಸುವವರನ್ನು ನಮ್ಮ ಸಲಹೆಗಾರರ ಜಾಗದಲ್ಲಿ ಕೂರಿಸುತ್ತದೆ. ನಮ್ಮ ತಂಡ ಒಳಗೆ ಹೇಗೆ ಕೆಲಸ ಮಾಡುತ್ತದೆಂದು ಗೊತ್ತಿಲ್ಲದವರು ಅದರ ಸುಧಾರಣೆಯನ್ನು ಹೇಗೆ ಹೇಳಿಯಾರು? ಅವರಿಗೆ ಖಚಿತವಾಗಿ ಗೊತ್ತಿರುವುದು ತಮ್ಮ ಮೇಜಿನ ಮೇಲೆ ಏನಾಯಿತು ಎಂಬುದು ಮಾತ್ರ. ಆದ್ದರಿಂದ ಪ್ರಶ್ನೆಯನ್ನು ಅವರ ಮೇಜಿಗೇ ಒಯ್ಯಬೇಕಾಯಿತು.

ಉದಾಹರಣೆ ಕೊಡಬೇಕೇ ಬೇಡವೇ ಎಂಬುದರ ಮೇಲೆ ತಂಡದಲ್ಲಿ ಚರ್ಚೆಯಾಯಿತು. ಹದಿನಾಲ್ಕು ವಾರಗಳ ನೆನಪನ್ನು ಖಾಲಿ ಹಾಳೆಯ ಮುಂದೆ ಕೆದಕುವುದು ಕಷ್ಟ, ಒಂದೆರಡು ಉದಾಹರಣೆಗಳಿದ್ದರೆ ನೆನಪು ಬೇಗ ಎದ್ದು ಬರುತ್ತದೆ ಎಂದು ನನ್ನ ಸಹೋದ್ಯೋಗಿ ವಾದಿಸಿದರು. ಕೊಟ್ಟ ಉದಾಹರಣೆಗಳಲ್ಲೇ ಒಂದು ಉತ್ತರವಾಗಿ ಮರಳಿ ಬರುತ್ತದೆ ಎಂಬುದು ನನ್ನ ಅಳುಕಾಗಿತ್ತು. ಕೊನೆಗೆ ಯೋಜನೆಯ ಹಂತಗಳನ್ನೆಲ್ಲ ಅವು ನಡೆದ ಕ್ರಮದಲ್ಲಿ, ಒಳ್ಳೆಯದು ಕೆಟ್ಟದ್ದು ಎಂಬ ಯಾವ ವಿಶೇಷಣವನ್ನೂ ಹಚ್ಚದೆ, ಹೆಸರಿಸುವುದೆಂದು ಒಪ್ಪಿಕೊಂಡೆವು. ಇಪ್ಪತ್ತನೆಯ ದಿನ, ಗುರುವಾರ ಬೆಳಿಗ್ಗೆ ಕಳುಹಿಸಿದ ಸಂದೇಶ ಪೂರ್ತಿಯಾಗಿ ಹೀಗಿತ್ತು:

ವಿಷಯ: ಒಂದು ಪ್ರಶ್ನೆ, ಒಂದು ಸಾಲಿನ ಉತ್ತರ ಸಾಕು

ನಮಸ್ಕಾರ ಮೇಡಂ,
ಹೊಸ ವೆಬ್‌ಸೈಟ್ ಚಾಲನೆಗೆ ಬಂದು ಮೂರು ವಾರವಾಗುತ್ತಿದೆ. ನಮ್ಮ ಕಡೆಯಿಂದ ಯಾವ ಒಂದು ಸಂಗತಿ ಬೇರೆ ರೀತಿ ನಡೆದಿದ್ದರೆ ನಿಮ್ಮ ಕೆಲಸ ಹಗುರವಾಗುತ್ತಿತ್ತು? ವಿನ್ಯಾಸ, ಪುಟಗಳ ವರ್ಗಾವಣೆ, ಒಪ್ಪಿಗೆ, ತರಬೇತಿ, ಚಾಲನೆ, ಯಾವ ಹಂತದ್ದಾದರೂ ಸರಿ.
ಒಂದು ಸಾಲು ಸಾಕು, ಇದೇ ಮೇಲ್‌ಗೆ ಉತ್ತರಿಸಬಹುದು. ಇದು ನಮ್ಮ ತಂಡದ ಮೂವರ ತಿಳಿವಳಿಕೆಗೆ ಮಾತ್ರ. ಹಿಂದೆ ಕಳುಹಿಸಿದ್ದ ಫಾರ್ಮನ್ನು ತುಂಬುವ ಅಗತ್ಯವಿಲ್ಲ.

ಇದರಲ್ಲಿ ಕೆಲವು ಪದಗಳನ್ನು ಲೆಕ್ಕ ಹಾಕಿಯೇ ಇಟ್ಟಿದ್ದೇವೆ. ‘ಯಾವ ಒಂದು ಸಂಗತಿ’ ಎಂದು ಕೇಳಿದಾಗ, ಏನೋ ಒಂದು ಇದ್ದೇ ಇರುತ್ತದೆ ಎಂದು ನಾವೇ ಒಪ್ಪಿಕೊಂಡಂತಾಗುತ್ತದೆ, ಅದನ್ನು ಹೇಳುವವರಿಗೆ ದೂರು ಹೇಳುತ್ತಿದ್ದೇನೆಂಬ ಸಂಕೋಚ ಉಳಿಯುವುದಿಲ್ಲ. ‘ನಿಮ್ಮ ಕೆಲಸ’ ಎಂದದ್ದರಿಂದ ನಿರ್ದೇಶಕರನ್ನು ಕೇಳಬೇಕಾದ ಪ್ರಮೇಯ ತಪ್ಪುತ್ತದೆ. ‘ಮೂವರ ತಿಳಿವಳಿಕೆಗೆ ಮಾತ್ರ’ ಎಂಬುದು ಹನ್ನೆರಡನೆಯ ಪ್ರಶ್ನೆ ಮಾಡಿದ ಗಾಯಕ್ಕೆ ಹಚ್ಚಿದ ಮದ್ದು, ಹಾಗೆ ಬರೆದ ಮೇಲೆ ಆ ಮಾತನ್ನು ಉಳಿಸಿಕೊಳ್ಳಬೇಕು. ಫಾರ್ಮ್ ಬೇಡವೆಂದ ಕೊನೆಯ ವಾಕ್ಯ ಚಿಕ್ಕದಾದರೂ ಅದಿಲ್ಲದಿದ್ದರೆ ಸಂದೇಶ ಕೆಲಸ ಮಾಡುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಹಳೆಯ ಬಾಕಿ ತಲೆಯ ಮೇಲಿದ್ದಾಗ ಹೊಸ ಪ್ರಶ್ನೆ ಎಷ್ಟೇ ಚಿಕ್ಕದಾದರೂ ಆ ಬಾಕಿಗೆ ಸೇರಿದ ಇನ್ನೊಂದು ಕಂತಾಗಿಯೇ ಕಾಣುತ್ತದೆ.

ಐವತ್ತು ನಿಮಿಷದಲ್ಲಿ ಉತ್ತರ ಬಂತು. ಫೋನ್‌ನಿಂದ ಬರೆದದ್ದೆಂದು ಕಾಗುಣಿತದಿಂದಲೇ ಗೊತ್ತಾಗುತ್ತಿತ್ತು.

‘ತರಬೇತಿ ತುಂಬಾ ಚೆನ್ನಾಗಿತ್ತು. ಒಪ್ಪಿಗೆಗೆ ಮಾತ್ರ ಒಂದೇ ದಿನ 23 ಪುಟ ಬಂದವು. ಅಷ್ಟನ್ನೂ ನಿರ್ದೇಶಕರ ಮುಂದೆ ಹೇಗೆ ಇಡುವುದೆಂದು ತಿಳಿಯದೆ ಎರಡು ದಿನ ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ.’

ಒಂಬತ್ತನೆಯ ವಾರದ ವಿಳಂಬ ಇದೇ. ಆ ವಾರ ನಮ್ಮ ಕಡೆ ಈ 23 ಪುಟಗಳೂ ಒಟ್ಟಿಗೆ ಸಿದ್ಧವಾಗಿದ್ದವು, ಸಿದ್ಧವಾದದ್ದನ್ನು ತಡಮಾಡದೆ ಕಳುಹಿಸುವುದೇ ಚುರುಕುತನ ಎಂದುಕೊಂಡು ಒಂದೇ ಮೇಲ್‌ನಲ್ಲಿ ಕಳುಹಿಸಿದ್ದೆವು. ಯಾವ ಪುಟದಲ್ಲಿ ಏನು ಬದಲಾಗಿದೆ ಎಂಬ ಟಿಪ್ಪಣಿಯೂ ಇರಲಿಲ್ಲ. ನಿರ್ದೇಶಕರ ಕೋಣೆಗೆ ಹೋಗಿ ಅವರ ಹತ್ತು ನಿಮಿಷಗಳಲ್ಲಿ 23 ಪುಟಗಳಿಗೆ ಒಪ್ಪಿಗೆ ಪಡೆಯಬೇಕಾದವರು ಈ ಮುಖ್ಯಸ್ಥೆ. ಅವರ ಆ ಎರಡು ದಿನಗಳನ್ನು ನಾವು ಅವರದೇ ತಪ್ಪಿನ ಖಾತೆಗೆ ಬರೆದಿದ್ದೆವು. ಹನ್ನೆರಡು ಪ್ರಶ್ನೆಗಳಲ್ಲಿ ಒಂದಾದರೂ ಇದನ್ನು ಹೊರತರುತ್ತಿತ್ತೇ ಎಂದು ಆಮೇಲೆ ಫಾರ್ಮನ್ನು ಇನ್ನೊಮ್ಮೆ ಓದಿ ನೋಡಿದೆ. ಒಪ್ಪಿಗೆಯ ಹಂತದ ಬಗ್ಗೆ ಅದರಲ್ಲಿ ಪ್ರಶ್ನೆಯೇ ಇರಲಿಲ್ಲ. ಅದು ಗ್ರಾಹಕರ ಕೆಲಸವೆಂದು ನಾವು ಭಾವಿಸಿದ್ದೆವು, ಹಾಗಾಗಿ ಕೇಳಬೇಕೆಂದೇ ಹೊಳೆದಿರಲಿಲ್ಲ.

ಇಂಥ ಉತ್ತರ ಬಂದಾಗ ಕೈ ತಾನಾಗಿಯೇ ಸಮರ್ಥನೆ ಬರೆಯಲು ಹೋಗುತ್ತದೆ. ‘ವೇಳಾಪಟ್ಟಿಯ ಪ್ರಕಾರ ಆ ದಿನವೇ ಕಳುಹಿಸಬೇಕಾಗಿತ್ತು’ ಎಂಬ ವಾಕ್ಯವನ್ನು ನಾನು ಬರೆದು ಅಳಿಸಿದೆ. ಅದು ನಿಜವೇ ಆಗಿದ್ದರೂ ಅದನ್ನು ಓದಿದವರು ಮುಂದಿನ ಸಲ ಏನನ್ನೂ ಹೇಳುವುದಿಲ್ಲ. ಬದಲಿಗೆ ಮೂರು ಸಾಲು ಬರೆದೆ: ತಿಳಿಸಿದ್ದಕ್ಕೆ ಧನ್ಯವಾದ, ಅಷ್ಟು ಪುಟಗಳನ್ನು ಒಟ್ಟಿಗೆ ಕಳುಹಿಸಿದ್ದು ನಮ್ಮ ತಪ್ಪು, ಒಂದು ಸಲಕ್ಕೆ ಎಷ್ಟು ಪುಟ ಬಂದಿದ್ದರೆ ಅನುಕೂಲವಾಗುತ್ತಿತ್ತು? ಮೊದಲ ಉತ್ತರ ಬಂದ ಮೇಲೆ ಕೇಳುವ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಕಿರಿದಾಗಿರಬೇಕು, ಅವರು ಹೇಳಿದ ಸಂಗತಿಯ ಒಳಗೇ ಇರಬೇಕು. ಅದಕ್ಕೆ ಸಂಜೆ ಬಂದ ಉತ್ತರವೂ ಅಷ್ಟೇ ಚಿಕ್ಕದು: ‘ಐದಾರು ಸಾಕು. ಏನು ಬದಲಾಗಿದೆ ಅಂತ ಮೇಲೆ ಒಂದು ಸಾಲು ಇದ್ದರೆ ನಾನು ಅದನ್ನೇ ನಿರ್ದೇಶಕರಿಗೆ ಓದಿ ಹೇಳುತ್ತೇನೆ.’

ಅಲ್ಲಿಗೆ ನಾನು ನಿಲ್ಲಿಸಿದೆ. ಮೂರನೆಯ ಪ್ರಶ್ನೆ ಕೇಳುವ ಆಸೆ ಇತ್ತು, ಏಕೆಂದರೆ ಮಾತು ಸಲೀಸಾಗಿ ಬರುತ್ತಿತ್ತು. ಆದರೆ ಒಂದು ಸಾಲು ಸಾಕೆಂದು ಹೇಳಿ ಕೇಳಿದವರು ಒಂದೊಂದೇ ಸಾಲಾಗಿ ಇಡೀ ಫಾರ್ಮನ್ನೇ ತುಂಬಿಸಿಕೊಂಡರೆ ಅದು ಮೋಸವಾಗುತ್ತದೆ.

ಅವರ ಮಾತನ್ನು ಪ್ರಕಟಿಸುವ ಕೋರಿಕೆಯನ್ನು ಹತ್ತು ದಿನ ಬಿಟ್ಟು, ಬೇರೆಯೇ ಮೇಲ್‌ನಲ್ಲಿ ಕಳುಹಿಸಿದೆ. ಗ್ರಾಹಕರ ಪರವಾಗಿ ಹೊಗಳಿಕೆಯನ್ನು ನಾವೇ ಬರೆದು, ‘ಇದಕ್ಕೆ ಒಪ್ಪಿಗೆ ಕೊಡಿ’ ಎಂದು ಕೇಳುವ ರೂಢಿ ನಮ್ಮ ವೃತ್ತಿಯಲ್ಲಿದೆ. ಅವರ ಕೆಲಸ ಅದರಿಂದ ಹಗುರವಾಗುತ್ತದೆ ಎಂಬುದು ನಿಜ, ಆದರೆ ಅವರು ಹೇಳದ ಮಾತನ್ನು ಅವರ ಬಾಯಲ್ಲಿ ಇಡುವುದು ನನಗೆ ಒಪ್ಪಿಗೆಯಲ್ಲ. ಹಳೆಯ ಮೇಲ್‌ಗಳನ್ನು ಹುಡುಕಿದಾಗ, ತರಬೇತಿಯ ಮರುದಿನ ಅವರೇ ಬರೆದಿದ್ದ ಒಂದು ವಾಕ್ಯ ಸಿಕ್ಕಿತು: ‘ಇಂದು ನಮ್ಮ ಸಿಬ್ಬಂದಿ ಯಾರ ಸಹಾಯವೂ ಇಲ್ಲದೆ ಮೂರು ಪುಟ ಬದಲಿಸಿದರು.’ ಆ ವಾಕ್ಯವನ್ನು ಒಂದಕ್ಷರವೂ ತಿದ್ದದೆ ಎತ್ತಿ ಬರೆದು, ಇದನ್ನು ನಿಮ್ಮ ಸಂಸ್ಥೆಯ ಹೆಸರಿನೊಂದಿಗೆ ನಮ್ಮ ವೆಬ್‌ಸೈಟಿನಲ್ಲಿ ಹಾಕಬಹುದೇ, ‘ಸರಿ’ ಅಥವಾ ‘ಬೇಡ’ ಎಂದಷ್ಟೇ ತಿಳಿಸಿದರೆ ಸಾಕು, ಬೇಡವೆಂದರೆ ಕಾರಣ ಕೊಡಬೇಕಿಲ್ಲ ಎಂದು ಕೇಳಿದೆ. ಸಂಸ್ಥೆಯ ಹೆಸರು ಬರುವುದರಿಂದ ನಿರ್ದೇಶಕರನ್ನು ಕೇಳಬೇಕು ಎಂದು ಬರೆದವರು, ನಾಲ್ಕು ದಿನಗಳ ನಂತರ ‘ಸರಿ’ ಎಂದು ಕಳುಹಿಸಿದರು. ಒಳಗಿನ ತಿಳಿವಳಿಕೆಗೆಂದು ಅವರು ಬರೆದುಕೊಟ್ಟ 23 ಪುಟಗಳ ಮಾತನ್ನಾಗಲಿ, ಅದೇ ಉತ್ತರದಲ್ಲಿದ್ದ ತರಬೇತಿಯ ಹೊಗಳಿಕೆಯನ್ನಾಗಲಿ ಈ ಕೋರಿಕೆಗೆ ಬಳಸಿಕೊಳ್ಳಲಿಲ್ಲ. ಈ ಬರಹದಲ್ಲಿ ಆ ಉತ್ತರ ಇರುವುದು ಮುಖ್ಯಸ್ಥೆಯವರನ್ನು ಬೇರೆಯಾಗಿ ಕೇಳಿ, ಗುರುತು ಸಿಗದಂತೆ ಬರೆಯುವ ಷರತ್ತಿನ ಮೇಲೆ ಅವರ ಒಪ್ಪಿಗೆ ಪಡೆದ ನಂತರ.

ನಿರ್ದೇಶಕರಿಗೂ ಒಂದು ಪ್ರಶ್ನೆಯ ಸಂದೇಶ ಕಳುಹಿಸಿದ್ದೆ. ಅವರ ಮೇಜಿನ ಮೇಲಿನ ಕೆಲಸ ಬೇರೆ, ಆದ್ದರಿಂದ ಪ್ರಶ್ನೆಯೂ ಬೇರೆ: ‘ಇಂಥದೇ ಕೆಲಸವನ್ನು ಮತ್ತೆ ನಮಗೆ ವಹಿಸುವ ಮೊದಲು ನೀವು ಯಾವ ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಲು ಬಯಸುತ್ತೀರಿ?’ ಉತ್ತರ ಬರಲಿಲ್ಲ. ಏಳು ಕೆಲಸದ ದಿನಗಳಾದ ಮೇಲೆ ಅದೇ ಮೇಲ್‌ನ ಕೆಳಗೆ, ಮೊದಲಿನದಕ್ಕಿಂತ ಚಿಕ್ಕದಾಗಿ, ಬಿಡುವಾದಾಗ ಒಂದು ಸಾಲು ಬರೆದರೆ ಸಂತೋಷ ಎಂದು ಒಂದೇ ಬಾರಿ ನೆನಪಿಸಿದೆ. ಅದಕ್ಕೂ ಉತ್ತರವಿಲ್ಲದ್ದರಿಂದ ಬಿಟ್ಟುಬಿಟ್ಟೆ. ಆ ಮೌನಕ್ಕೆ ನಾನು ಯಾವ ಅರ್ಥವನ್ನೂ ಕೊಟ್ಟುಕೊಂಡಿಲ್ಲ. ಚಿಕ್ಕ ಸಂದೇಶಕ್ಕೂ ಉತ್ತರ ಬಾರದಿರಬಹುದು, ನನ್ನ ಪ್ರಶ್ನೆ ಅವರಿಗೆ ಮುಂದಿನ ಕೆಲಸ ಕೇಳುವ ಉಪಾಯದಂತೆ ಕಂಡಿರಲೂಬಹುದು. ಈಗ ಅದನ್ನು ಓದಿದರೆ ನನಗೂ ಹಾಗೆಯೇ ಕಾಣುತ್ತದೆ. ಇನ್ನೊಮ್ಮೆ ಅವಕಾಶ ಸಿಕ್ಕರೆ, ಒಪ್ಪಿಗೆಗೆಂದು ಅವರ ಮುಂದೆ ಬಂದ ಪುಟಗಳನ್ನು ನೋಡಲು ಯಾವ ಮಾಹಿತಿ ಕಡಿಮೆಯಾಗಿತ್ತು ಎಂದು ಕೇಳುತ್ತೇನೆ.

ಒಂದು ಪ್ರಶ್ನೆಯಿಂದ ತಿಳಿಯದೆ ಉಳಿದದ್ದೂ ಇದೆ. ನಮ್ಮ ದರ ಅವರಿಗೆ ಹೆಚ್ಚೆನಿಸಿತ್ತೇ, ವಿನ್ಯಾಸ ನಿಜವಾಗಿ ಇಷ್ಟವಾಯಿತೇ ಎಂಬುದು ಈ ಉತ್ತರದಲ್ಲಿಲ್ಲ. ಅವರು ಮೊದಲು ನೆನಪಿಗೆ ಬಂದದ್ದನ್ನು ಹೇಳಿದ್ದಾರೆ, ಎಲ್ಲವನ್ನೂ ಅಲ್ಲ. ಆದರೂ ಮೊದಲು ನೆನಪಿಗೆ ಬಂದ ತೊಡಕು ಅವರನ್ನು ಹೆಚ್ಚು ಕಾಡಿದ ತೊಡಕೇ ಆಗಿರುವ ಸಾಧ್ಯತೆ ಹೆಚ್ಚು ಎಂಬ ನಂಬಿಕೆಯಿಂದ ನಾವು ಮುಂದುವರಿದೆವು. ಈಗ ಒಪ್ಪಿಗೆಗೆ ಪುಟಗಳನ್ನು ಆರರಂತೆ ಕಳುಹಿಸುತ್ತೇವೆ, ಪ್ರತಿ ಕಂತಿನ ಮೇಲೆ ಏನು ಬದಲಾಗಿದೆ ಎಂಬ ಒಂದು ಸಾಲನ್ನು, ಗಟ್ಟಿಯಾಗಿ ಓದಿ ಹೇಳಬಹುದಾದ ಹಾಗೆ ಬರೆಯುತ್ತೇವೆ. ಮುಖ್ಯಸ್ಥೆಯವರ ಉತ್ತರ ಬಂದ ವಾರವೇ ಯೋಜನಾ ಪುಸ್ತಕವನ್ನು ತೆರೆದು, ‘ಗ್ರಾಹಕರಿಂದ ವಿಳಂಬ: 4 ದಿನ’ ಎಂದಿದ್ದ ಸಾಲನ್ನು ಹೊಡೆದು ಹಾಕಿ, ‘ಒಂದೇ ದಿನ 23 ಪುಟ ಕಳುಹಿಸಿದ್ದರಿಂದ ವಿಳಂಬ: 2 ದಿನ, ನಿರ್ದೇಶಕರ ಪರಿಶೀಲನೆ: 2 ದಿನ’ ಎಂದು ತಿದ್ದಿದೆವು.